ಸಬ್‌ಟೈಟಲ್ ಹಾಕಿದ ಕೂಡಲೇ ಸಿನಿಮಾ ತಡವರಿಸುವುದೇಕೆ?

ಮನೆಯ ಮೂಲೆಯಲ್ಲೊಂದು ಪುಟ್ಟ ಕಂಪ್ಯೂಟರ್ ಇಟ್ಟು, ಕೊಂಡ ಡಿಸ್ಕುಗಳ ಸಿನಿಮಾ, ಮದುವೆಯ ವಿಡಿಯೊ, ಮಕ್ಕಳ ನಾಟಕ ಎಲ್ಲವನ್ನೂ ಅದರಲ್ಲಿ ತುಂಬಿಸಿ ಟಿವಿಯಲ್ಲಿ ನೋಡುವವರು ಈಗ ಸಾಕಷ್ಟು ಮಂದಿ ಇದ್ದಾರೆ. ಜೆಲ್ಲಿಫಿನ್ ಅಥವಾ ಪ್ಲೆಕ್ಸ್‌ನಂಥ ತಂತ್ರಾಂಶ ಹಾಕಿದರೆ ಆ ಕಂಪ್ಯೂಟರೇ ಮೀಡಿಯಾ ಸರ್ವರ್. ಇಂಥ ಮನೆಗಳಲ್ಲಿ ಆಗಾಗ ಕೇಳಿಬರುವ ದೂರೊಂದಿದೆ. ಸಿನಿಮಾ ಚೆನ್ನಾಗಿಯೇ ಓಡುತ್ತಿತ್ತು, ಯಾರೋ ಸಬ್‌ಟೈಟಲ್ ಹಾಕಿದರು, ಪರದೆಯ ಮೇಲೆ ಚಕ್ರ ಸುತ್ತತೊಡಗಿತು. ಎರಡು ಸಾಲು ಅಕ್ಷರಕ್ಕೆ ಇಡೀ ಯಂತ್ರ ಏದುಸಿರು ಬಿಡುವುದೇ ಎಂದು ಕೇಳಿದರೆ, ಹೌದು, ಬಿಡುತ್ತದೆ.

ಪ್ಲೇ ಒತ್ತಿದೊಡನೆ ಏನಾಗುತ್ತದೆಂದು ನೋಡೋಣ. ಟಿವಿಯಲ್ಲಿರುವ ಆ್ಯಪ್ ಮೊದಲು ತನ್ನ ಯೋಗ್ಯತೆಯ ಪಟ್ಟಿಯನ್ನು ಸರ್ವರಿಗೆ ಒಪ್ಪಿಸುತ್ತದೆ: ಇಂತಿಂಥ ಬಗೆಯ ಫೈಲು ತೆರೆಯಬಲ್ಲೆ, ಇಂಥ ವಿಡಿಯೊ, ಇಂಥ ಆಡಿಯೊ, ಇಂಥ ಸಬ್‌ಟೈಟಲ್ ನನಗೆ ಅರ್ಥವಾಗುತ್ತದೆ, ಸೆಕೆಂಡಿಗೆ ಇಷ್ಟಕ್ಕಿಂತ ಹೆಚ್ಚು ಬಿಟ್ ಕಳಿಸಬೇಡ. ಫೈಲಿನೊಳಗೆ ಏನಿದೆಯೆಂಬುದನ್ನು ಸರ್ವರ್ ಮೊದಲೇ ಪರೀಕ್ಷಿಸಿ ಬರೆದಿಟ್ಟುಕೊಂಡಿರುತ್ತದೆ. ಎರಡನ್ನೂ ತಾಳೆ ನೋಡುತ್ತದೆ. ಎಲ್ಲವೂ ಹೊಂದಿದರೆ ಫೈಲನ್ನು ಇದ್ದಂತೆಯೇ ರವಾನಿಸುತ್ತದೆ. ಇದು ಡೈರೆಕ್ಟ್ ಪ್ಲೇ. ಸರ್ವರಿಗೆ ಇಲ್ಲಿ ಫೈಲು ಓದಿ ಕಳಿಸುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಟಿವಿಗೆ ನಿಜವಾಗಿ ಏನು ಸಾಧ್ಯ ಎಂಬುದಕ್ಕಿಂತ ಆ್ಯಪ್ ಏನು ಹೇಳಿಕೊಂಡಿತು ಎಂಬುದೇ ಇಲ್ಲಿ ಮುಖ್ಯ ಎನ್ನುವುದು ಗಮನಿಸಬೇಕಾದ ಸಂಗತಿ. ಒಂದೇ ಟಿವಿಗೆ ಜೋಡಿಸಿದ ಎರಡು ಬೇರೆ ಆ್ಯಪ್‌ಗಳಲ್ಲಿ ಒಂದೇ ಫೈಲು ಬೇರೆ ಬೇರೆಯಾಗಿ ವರ್ತಿಸುವುದು ಇದರಿಂದಲೇ.

ಹೊಂದದಿದ್ದರೆ? ಏನು ಹೊಂದಲಿಲ್ಲ ಎಂಬುದರ ಮೇಲೆ ಸರ್ವರಿನ ಕಷ್ಟ ನಿಂತಿದೆ. 4ಕೆ ಬ್ಲೂರೇ ಡಿಸ್ಕಿನಿಂದ ತೆಗೆದ ಒಂದು ಫೈಲನ್ನೇ ತೆಗೆದುಕೊಳ್ಳಿ. `ffprobe` ಎಂಬ ಉಪಕರಣಕ್ಕೆ ಅದನ್ನು ಕೊಟ್ಟರೆ ಮುಖ್ಯವಾಗಿ ಕಾಣುವುದು ಇಷ್ಟು:

```
Video: hevc (Main 10), yuv420p10le, 3840x2160
Audio: dts (DTS-HD MA), 48000 Hz
Subtitle: hdmv_pgs_subtitle
```

ಹೊರಗಿನ ಎಂಕೆವಿ ಎಂಬುದು ಬರೀ ಡಬ್ಬಿ. ಒಳಗೆ ವಿಡಿಯೊ, ಆಡಿಯೊ, ಸಬ್‌ಟೈಟಲ್ ಬೇರೆ ಬೇರೆಯಾಗಿ ಕೂತಿವೆ. ಟಿವಿಗೆ ಡಬ್ಬಿ ಮಾತ್ರ ಒಗ್ಗದಿದ್ದರೆ ಸರ್ವರ್ ಒಳಗಿನದನ್ನು ಮುಟ್ಟದೆ ಬೇರೆ ಡಬ್ಬಿಗೆ ಸುರಿದು ಕೊಡುತ್ತದೆ. ಜೆಲ್ಲಿಫಿನ್ ಇದನ್ನು ರೀಮಕ್ಸ್ ಎನ್ನುತ್ತದೆ. ಖರ್ಚು ಹೆಚ್ಚುಕಡಿಮೆ ಏನೂ ಇಲ್ಲ.

ಈ ಫೈಲನ್ನು ಹಾಲ್‌ನಲ್ಲಿರುವ ಸ್ಯಾಮ್‌ಸಂಗ್ ಟಿವಿಗೆ ಕಳಿಸೋಣ. 10 ಬಿಟ್‌ನ ಎಚ್‌ಇವಿಸಿ ವಿಡಿಯೊ ಇಂದಿನ 4ಕೆ ಟಿವಿಗೆ ನೀರು ಕುಡಿದಷ್ಟು ಸುಲಭ. ಆದರೆ 2018ರಿಂದ ಸ್ಯಾಮ್‌ಸಂಗ್ ತನ್ನ ಟಿವಿಗಳಲ್ಲಿ ಡಿಟಿಎಸ್ ಆಡಿಯೊಗೆ ಬೆಂಬಲ ಕೈಬಿಟ್ಟಿತು. ಆದ್ದರಿಂದ ಸರ್ವರ್ ವಿಡಿಯೊವನ್ನು ಹಾಗೇ ಬಿಟ್ಟು, ಆಡಿಯೊವನ್ನು ಮಾತ್ರ ಎಎಸಿ ಅಥವಾ ಎಸಿ3ಗೆ ಬದಲಿಸಿ ಕಳಿಸುತ್ತದೆ. ಆಡಿಯೊ ಎಷ್ಟಾದರೂ ಹಗುರ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕೂಡ ಇದನ್ನು ನಿಭಾಯಿಸುತ್ತದೆ. ಸಿನಿಮಾ ಸರಾಗವಾಗಿ ಓಡುತ್ತದೆ, ನೋಡುವವರಿಗೆ ಒಳಗೆ ಏನೋ ಬದಲಾಗಿದೆ ಎಂಬ ಸುಳಿವೂ ಸಿಗುವುದಿಲ್ಲ.

ಈಗ ಸಬ್‌ಟೈಟಲ್ ಹಾಕಿ. ಬ್ಲೂರೇ ಡಿಸ್ಕಿನ ಪಿಜಿಎಸ್ ಸಬ್‌ಟೈಟಲ್ ನೋಡಲು ಅಕ್ಷರದಂತಿದ್ದರೂ ಅದು ಅಕ್ಷರವಲ್ಲ, ಅಕ್ಷರಗಳ ಚಿತ್ರ. ಅದನ್ನು ಪರದೆಯ ಮೇಲೆ ತಾನೇ ಕೂರಿಸಲಾರೆ ಎಂದು ಆ್ಯಪ್ ಹೇಳಿದರೆ ಸರ್ವರಿಗೆ ಉಳಿಯುವುದು ಒಂದೇ ದಾರಿ: ಆ ಚಿತ್ರವನ್ನು ವಿಡಿಯೊದೊಳಗೇ ಅಚ್ಚೊತ್ತುವುದು. ಅಚ್ಚೊತ್ತಬೇಕೆಂದರೆ ಪ್ರತಿ ಫ್ರೇಮನ್ನೂ ಬಿಚ್ಚಿ, ಅದರ ಮೇಲೆ ಅಕ್ಷರ ಕೂರಿಸಿ, ಮತ್ತೆ ಅಡಕಮಾಡಬೇಕು. 4ಕೆ ಫ್ರೇಮ್ ಒಂದರಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿವೆ, ಸೆಕೆಂಡಿಗೆ 24 ಫ್ರೇಮ್. ಅಂದರೆ ಸೆಕೆಂಡಿಗೆ ಸುಮಾರು 20 ಕೋಟಿ ಚುಕ್ಕೆಗಳ ಕೆಲಸ, ಅದೂ ಸಿನಿಮಾ ಓಡುವ ವೇಗಕ್ಕೆ ಕಡಿಮೆಯಾಗದಂತೆ. ಯಾರೂ ಮಾತಾಡದ ದೃಶ್ಯದಲ್ಲೂ ಈ ಕೆಲಸ ನಿಲ್ಲುವುದಿಲ್ಲ. ಸಾಲದ್ದಕ್ಕೆ ಸರ್ವರ್ 8 ಬಿಟ್‌ನ ಎಚ್.264ಕ್ಕೆ ಬದಲಿಸುತ್ತಿದ್ದರೆ ಮೂಲದ ಎಚ್‌ಡಿಆರ್ ಬಣ್ಣಗಳನ್ನೂ ಸಾಮಾನ್ಯ ಬಣ್ಣಗಳಿಗೆ ಇಳಿಸಬೇಕು. ಆ ಹಂತ ತಪ್ಪಿದರೆ ಚಿತ್ರ ಬೂದಿ ಬಳಿದಂತೆ ಪೇಲವವಾಗಿ ಕಾಣುತ್ತದೆ.

ಇದೇ ಟ್ರಾನ್ಸ್‌ಕೋಡ್. ಫೈಲು ದೊಡ್ಡದೆಂದೋ ಟಿವಿ ಹಳೆಯದೆಂದೋ ಊಹಿಸುತ್ತಾ ಕೂರುವ ಬದಲು ಸರ್ವರನ್ನೇ ಕೇಳುವುದು ಮೇಲು. ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್‌ನಲ್ಲಿ ಈಗ ಯಾರು ಏನು ನೋಡುತ್ತಿದ್ದಾರೆ, ನೇರವಾಗಿಯೋ ಬದಲಿಸಿಯೋ, ಬದಲಿಸಿದ್ದರೆ ಕಾರಣವೇನು ಎಂಬುದು ಇರುತ್ತದೆ. ಒಳಗೆ ಅದು ಆ ಕಾರಣಗಳಿಗೆ `AudioCodecNotSupported`, `SubtitleCodecNotSupported` ಎಂಬಂಥ ಹೆಸರಿಟ್ಟಿದೆ. ಮೊದಲನೆಯದು ಒಂದೇ ಇದ್ದರೆ ನಿಶ್ಚಿಂತೆಯಿಂದಿರಿ. ಇನ್ನೂ ಖಚಿತವಾಗಬೇಕೆಂದರೆ ಲಾಗ್ ತೆರೆದು ನೋಡಿ: ವಿಡಿಯೊ ಜಾಗದಲ್ಲಿ `copy` ಎಂದಿದ್ದರೆ ಚಿತ್ರವನ್ನು ಮುಟ್ಟಿಲ್ಲ, `libx264` ಎಂದಿದ್ದರೆ ಪ್ರೊಸೆಸರ್ ಕುಳಿತು ಪ್ರತಿ ಫ್ರೇಮನ್ನೂ ಹೊಸದಾಗಿ ಕಟ್ಟುತ್ತಿದೆ. ಕೊನೆಯ ಸಾಲುಗಳಲ್ಲಿ `speed=0.6x` ಎಂದು ಕಂಡರೆ ಸರ್ವರ್ ಒಂದು ನಿಮಿಷದಲ್ಲಿ 36 ಸೆಕೆಂಡಿನಷ್ಟು ಸಿನಿಮಾ ಮಾತ್ರ ತಯಾರಿಸುತ್ತಿದೆ. ಚಕ್ರ ಸುತ್ತದೆ ಇನ್ನೇನು?

ಪರಿಹಾರಕ್ಕೆ ಬಹಳ ಜನ ಹೊಸ ಯಂತ್ರದತ್ತ ನೋಡುತ್ತಾರೆ. ಇಂಟೆಲ್‌ನ ಏಳನೇ ಪೀಳಿಗೆಯಿಂದೀಚಿನ ಪ್ರೊಸೆಸರುಗಳ ಗ್ರಾಫಿಕ್ಸ್ ಭಾಗಕ್ಕೆ 10 ಬಿಟ್ ಎಚ್‌ಇವಿಸಿ ಬಿಚ್ಚುವುದೂ ಕಟ್ಟುವುದೂ ಗೊತ್ತು. ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿದರೆ ನಿಜಕ್ಕೂ ಹಗುರಾಗುತ್ತದೆ. ಸರ್ವರ್ ಡಾಕರ್‌ನಲ್ಲಿದ್ದರೆ `/dev/dri` ಅನ್ನು ಒಳಗೆ ಬಿಟ್ಟುಕೊಡುವುದನ್ನು ಮರೆಯಬಾರದು, ಇಲ್ಲದಿದ್ದರೆ ಆನ್ ಮಾಡಿಯೂ ಪ್ರಯೋಜನವಿಲ್ಲ. ಆದರೂ ಖರ್ಚಿಗಿಳಿಯುವ ಮುನ್ನ ಸಬ್‌ಟೈಟಲನ್ನು ಬದಲಿಸಿ ನೋಡುವುದೇ ಜಾಣತನ ಎಂಬುದು ನನ್ನ ಪಕ್ಷ. ಅದೇ ಸಿನಿಮಾದ ಎಸ್‌ಆರ್‌ಟಿ ಕಡತವಿದ್ದರೆ `film.mkv` ಪಕ್ಕದಲ್ಲಿ `film.en.srt` ಎಂದು ಇಡಿ. ಅದು ಶುದ್ಧ ಪಠ್ಯ. ಟಿವಿಯೇ ಬರೆದುಕೊಳ್ಳುತ್ತದೆ, ವಿಡಿಯೊಗೆ ಕೈ ಹಾಕಬೇಕಿಲ್ಲ. ಕನ್ನಡದ ಸಬ್‌ಟೈಟಲ್ ಆದರೆ ಯುಟಿಎಫ್-8ರಲ್ಲಿ ಉಳಿಸಿ `film.kn.srt` ಎಂದು ಹೆಸರಿಡಿ. ಕೆಲವು ಟಿವಿಗಳು ನಮ್ಮ ಒತ್ತಕ್ಷರಗಳನ್ನು ಚದುರಿಸುತ್ತವೆ, ಕನ್ನಡ ಫಾಂಟೇ ಇಲ್ಲದವು ಬರೀ ಚೌಕಗಳನ್ನು ತೋರಿಸುತ್ತವೆ. ಅಂಥ ಕಡೆ ಅಚ್ಚೊತ್ತುವುದೇ ಗತಿ, ಅಥವಾ ಕೋಡಿಯಂಥ ಆ್ಯಪ್ ಓಡುವ ಆಂಡ್ರಾಯ್ಡ್ ಪೆಟ್ಟಿಗೆಯೊಂದನ್ನು ಜೋಡಿಸಿ ನೋಡಬೇಕು. ಪಿಜಿಎಸ್ಸನ್ನಂತೂ ಕೋಡಿ ಯಾರ ಹಂಗೂ ಇಲ್ಲದೆ ತೋರಿಸುತ್ತದೆ.

ಟ್ರಾನ್ಸ್‌ಕೋಡ್ ಎಂದರೆ ಯಾವಾಗಲೂ ಕೆಟ್ಟದ್ದೇನಲ್ಲ. ಮೈಸೂರಿನ ಮನೆಯ ಸರ್ವರಿನಿಂದ ಮಗಳು ಟೊರಾಂಟೊದಲ್ಲಿ ಕೂತು ಇದೇ ಸಿನಿಮಾ ನೋಡುತ್ತಾಳೆ ಎನ್ನಿ. ಫೈಲಿಗೆ ಸೆಕೆಂಡಿಗೆ 60 ಮೆಗಾಬಿಟ್ ಬೇಕು, ಮನೆಯ ಇಂಟರ್ನೆಟ್ ಹೊರಕ್ಕೆ ಕಳಿಸಬಲ್ಲದ್ದು 30. ಅವಳ ಲ್ಯಾಪ್‌ಟಾಪಿಗೆ ಎಲ್ಲ ಬಗೆಯೂ ಗೊತ್ತಿದ್ದರೂ ಇಲ್ಲಿ ಚಿತ್ರವನ್ನು 8 ಮೆಗಾಬಿಟ್‌ಗೆ ಕುಗ್ಗಿಸುವುದೇ ಸರಿಯಾದ ನಿರ್ಧಾರ. ಕಿರಿಕಿರಿ ಶುರುವಾಗುವುದು ಇದೇ 8 ಮೆಗಾಬಿಟ್‌ನ ಮಿತಿಯನ್ನು ಹಾಲ್‌ನ ಟಿವಿಯ ಆ್ಯಪ್‌ನಲ್ಲೂ ಯಾರಾದರೂ ಇಟ್ಟು ಮರೆತಾಗ. ಆಗ ಎಲ್ಲವೂ ಹೊಂದಿದರೂ ಸರ್ವರ್ ಕುಗ್ಗಿಸುತ್ತಲೇ ಇರುತ್ತದೆ, ಕಾರಣದ ಜಾಗದಲ್ಲಿ ಬಿಟ್‌ರೇಟ್ ಮಿತಿ ಮೀರಿದೆ ಎಂದು ಕಾಣುತ್ತದೆ. ಮನೆಯೊಳಗಿನ ಟಿವಿಗೆ ಗುಣಮಟ್ಟವನ್ನು ಗರಿಷ್ಠಕ್ಕೆ ಇಟ್ಟರಾಯಿತು.

ಇಷ್ಟಾದ ಮೇಲೆ ಡ್ಯಾಶ್‌ಬೋರ್ಡ್ ಡೈರೆಕ್ಟ್ ಪ್ಲೇ ಎನ್ನುತ್ತಿದ್ದರೂ ಸಿನಿಮಾ ನಿಂತು ನಿಂತು ಓಡಿದರೆ ಸರ್ವರನ್ನು ದೂರಬೇಡಿ. ಎಷ್ಟೋ ಟಿವಿಗಳ ಹಿಂಬದಿಯ ನೆಟ್‌ವರ್ಕ್ ಕೇಬಲ್ ಕಿಂಡಿ ಇಂದಿಗೂ 100 ಮೆಗಾಬಿಟ್‌ನದು, 4ಕೆ ಡಿಸ್ಕಿನ ಫೈಲು ಗದ್ದಲದ ದೃಶ್ಯಗಳಲ್ಲಿ ಅದನ್ನೂ ದಾಟಬಹುದು. ಅಂಥ ಟಿವಿಯ ಕೇಬಲ್ ಕಿತ್ತು 5 ಗಿಗಾಹರ್ಟ್ಸ್ ವೈಫೈಗೆ ಹಾಕಿ ನೋಡಿ, ರೂಟರ್ ಅದೇ ಕೋಣೆಯಲ್ಲಿದ್ದರೆ ಬಹುಮಟ್ಟಿಗೆ ಸರಿಹೋಗುತ್ತದೆ.