ಅಭ್ಯಾಸದ ಹಾಳೆ, ಉತ್ತರದ ಹಾಳೆ

ಕನ್ನಡ ಪಠ್ಯಪುಸ್ತಕದ ಪಾಠಗಳ ಕೊನೆಗೆ ಭಾಷಾಭ್ಯಾಸದ ಪ್ರಶ್ನೆಗಳಿರುವುದನ್ನು ಎಲ್ಲರೂ ಬಲ್ಲರು. ಮಕ್ಕಳು ಅವನ್ನು ಒಮ್ಮೆ ಬರೆದು ಮುಗಿಸಿದರೆಂದರೆ ಉತ್ತರಗಳು ಪಕ್ಕದಲ್ಲಿಯೇ ಪೆನ್ಸಿಲಿನಲ್ಲಿ ಉಳಿದಿರುತ್ತವೆ. ಪ್ರಶ್ನೆಗಳ ಕ್ರಮವೂ ಬಾಯಿಪಾಠವಾಗಿರುತ್ತದೆ. ಆ ಪುಟವನ್ನು ಸ್ಕ್ಯಾನ್ ಮಾಡಿ, ಅಕ್ಷರಗಳನ್ನು ಕಂಪ್ಯೂಟರಿನಿಂದ ಓದಿಸಿ, ಹೊಸ ಕ್ರಮದಲ್ಲಿ ಅಭ್ಯಾಸದ ಹಾಳೆಯೊಂದನ್ನೂ ಉತ್ತರದ ಹಾಳೆಯೊಂದನ್ನೂ ಮಾಡಿಕೊಳ್ಳಬಹುದು. ಸಂಧಿಯ ಪ್ರಶ್ನೆಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಕೆಲಸದ ಬಗೆಯನ್ನು ನೋಡೋಣ.

ಪುಟವನ್ನು ಚಪ್ಪಟೆಯಾಗಿ ಒತ್ತಿ ಹಿಡಿದು, ಅಂಗುಲಕ್ಕೆ 300 ಚುಕ್ಕೆಗಳ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಬೇಕು. ಹೊಲಿಗೆಯ ಕಡೆ ಪುಟ ಬಾಗಿದ್ದರೆ ಅಲ್ಲಿಯ ಅಕ್ಷರಗಳು ಕೆಡುತ್ತವೆ. ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶವು ಕನ್ನಡವನ್ನು ಓದಬಲ್ಲುದು. ಆದರೆ ಅದಕ್ಕೆ ಕನ್ನಡದ ಕಡತವನ್ನು ಜೋಡಿಸಿ, ಭಾಷೆಯ ಸ್ಥಾನದಲ್ಲಿ kan ಎಂದು ಸೂಚಿಸಬೇಕು. ಸೂಚಿಸದಿದ್ದರೆ ಅದು ಇಂಗ್ಲಿಷೆಂದೇ ಭಾವಿಸಿ ಅರ್ಥವಿಲ್ಲದ ರೋಮನ್ ಅಕ್ಷರಗಳನ್ನು ಸುರಿಯುತ್ತದೆ.

ಯಂತ್ರ ಓದಿದ್ದನ್ನು ಮೂಲಪುಟದೊಡನೆ ಪದಪದವಾಗಿ ಹೋಲಿಸಲೇಬೇಕು. ಕನ್ನಡದ ಅರ್ಕಾವತ್ತು ಒಂಬತ್ತರ ಅಂಕಿಯನ್ನು ಹೋಲುವುದರಿಂದ ‘ಸೂರ್ಯ’ ಎಂಬುದು ‘ಸೂಯ೯’ ಆಗಿ ಬರಬಹುದು. ಅನುಸ್ವಾರವು ಸೊನ್ನೆಯ ಅಂಕಿಯಾಗಬಹುದು. ಪ್ರಶ್ನೆಯ ಸಂಖ್ಯೆಯಲ್ಲದ ಕಡೆ ೯ ಮತ್ತು ೦ ಇವೆಯೇ ಎಂದು ಹುಡುಕಿದರೆ ಇವು ಸಿಕ್ಕಿಬೀಳುತ್ತವೆ. ಇವಕ್ಕಿಂತ ಅಪಾಯದ್ದು, ತಪ್ಪಾದ ಮೇಲೂ ಪದವಾಗಿಯೇ ಉಳಿಯುವ ತಪ್ಪು. ‘ಕತ್ತೆ’ಯ ಒತ್ತು ಬಿದ್ದುಹೋದರೆ ‘ಕತೆ’ಯಾಗುತ್ತದೆ, ಕಣ್ಣಿಗೆ ಯಾವ ಅನುಮಾನವೂ ತೋರುವುದಿಲ್ಲ. ಇದಕ್ಕೆ ಮೂಲಪುಟವೊಂದೇ ಸಾಕ್ಷಿ.

ಇನ್ನೊಂದು ಎಚ್ಚರಿಕೆ. ‘ತಪ್ಪು ತಿದ್ದಿ ಬರೆಯಿರಿ’ ಎಂಬ ಪ್ರಶ್ನೆಯಲ್ಲಿ ‘ವಿಧ್ಯಾರ್ಥಿ’ ಎಂದು ಬೇಕೆಂದೇ ತಪ್ಪಾಗಿ ಅಚ್ಚು ಮಾಡಿರುತ್ತಾರೆ. ಯಂತ್ರದ ತಪ್ಪುಗಳನ್ನು ತಿದ್ದುವ ಭರದಲ್ಲಿ ಅದನ್ನೂ ‘ವಿದ್ಯಾರ್ಥಿ’ ಎಂದು ತಿದ್ದಿಬಿಟ್ಟರೆ, ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ. ತಿದ್ದುವಾತನಿಗೆ ಪುಸ್ತಕದಲ್ಲಿರುವುದೇ ಪ್ರಮಾಣವಾಗಬೇಕೇ ಹೊರತು ವ್ಯಾಕರಣಶುದ್ಧಿಯಲ್ಲ.

ಇನ್ನು ಉತ್ತರಗಳ ಮಾತು. ಪ್ರಶ್ನೆಗಳ ಕ್ರಮವನ್ನು ಬದಲಿಸುವುದಕ್ಕೆ ಮುಂಚೆಯೇ ಉತ್ತರಗಳನ್ನು ಬರೆದಿಡಬೇಕು. ಒಂದು ಪಟ್ಟಿಯಲ್ಲಿ ನಾಲ್ಕು ಅಂಕಣಗಳಿರಲಿ: ಪುಸ್ತಕದ ಸಂಖ್ಯೆ, ಪ್ರಶ್ನೆ, ಉತ್ತರ, ಕಾರಣ. ‘ಮಳೆ + ಕಾಲ’ ಎಂಬುದರ ಎದುರಿಗೆ ‘ಮಳೆಗಾಲ’ ಎಂದೂ, ‘ಆದೇಶಸಂಧಿ; ಕಕಾರಕ್ಕೆ ಗಕಾರ ಬಂದಿದೆ’ ಎಂದೂ ಬರೆಯಬೇಕು. ‘ಊರು + ಅನ್ನು’ ಎಂಬುದಕ್ಕೆ ‘ಊರನ್ನು, ಲೋಪಸಂಧಿ’. ‘ಸೂರ್ಯ + ಉದಯ’ ಎಂಬುದಕ್ಕೆ ‘ಸೂರ್ಯೋದಯ, ಗುಣಸಂಧಿ’. ಆಮೇಲೆ ಇಡೀ ಸಾಲುಗಳನ್ನೇ ಹಿಂದುಮುಂದು ಮಾಡಬೇಕು. ಪ್ರಶ್ನೆಯ ಅಂಕಣವೊಂದನ್ನೇ ಕಲಸಿದರೆ ಮಳೆಗಾಲಕ್ಕೆ ಗುಣಸಂಧಿಯ ಉತ್ತರ ಗಂಟುಬೀಳುತ್ತದೆ. ಸಾಲುಗಳು ಬದಲಾದ ಮೇಲೆ ಹೊಸ ಸಂಖ್ಯೆಗಳನ್ನು ಕೊಟ್ಟು, ಹೊಸ ಸಂಖ್ಯೆ ಮತ್ತು ಪ್ರಶ್ನೆಗಳನ್ನು ಒಂದು ಹಾಳೆಗೂ, ಹೊಸ ಸಂಖ್ಯೆ, ಉತ್ತರ, ಕಾರಣಗಳನ್ನು ಇನ್ನೊಂದು ಹಾಳೆಗೂ ಇಳಿಸಿಕೊಳ್ಳಬೇಕು. ಎರಡರ ತಲೆಯ ಮೇಲೂ ಒಂದೇ ಗುರುತಿರಲಿ. ಉತ್ತರವನ್ನು ಪ್ರಶ್ನೆಯ ಬೆನ್ನಿಗೆ ಅಚ್ಚು ಮಾಡಬಾರದು. ತೆಳು ಕಾಗದದಲ್ಲಿ ಅದು ಈಚೆಗೆ ಕಾಣುತ್ತದೆ.

ಒಂದು ಪ್ರಶ್ನೆಗೆ ಒಂದೇ ಉತ್ತರವೆಂಬ ನಿಯಮವಿಲ್ಲವೆಂಬುದನ್ನೂ ನೆನಪಿಡಬೇಕು. ‘ಹೂವನ್ನು’ ಎಂಬ ಪದವನ್ನು ಬಿಡಿಸಿರಿ ಎಂದರೆ ಒಬ್ಬ ಹುಡುಗ ‘ಹೂ + ಅನ್ನು’ ಎಂದು ಬಿಡಿಸಿ ವಕಾರಾಗಮವೆನ್ನುತ್ತಾನೆ; ಇನ್ನೊಬ್ಬಳು ‘ಹೂವು + ಅನ್ನು’ ಎಂದು ಬಿಡಿಸಿ ಲೋಪವೆನ್ನುತ್ತಾಳೆ. ಇಬ್ಬರೂ ಸರಿಯೇ. ಉತ್ತರದ ಹಾಳೆಯಲ್ಲಿ ಒಂದನ್ನು ಮಾತ್ರ ಬರೆದಿದ್ದರೆ, ಸರಿಯಾಗಿ ಯೋಚಿಸಿದ ಮಗು ತನ್ನ ಉತ್ತರಕ್ಕೆ ತಾನೇ ಗೀಟು ಹಾಕಿಕೊಳ್ಳುತ್ತದೆ; ತಿಳಿದುದನ್ನು ತಪ್ಪೆಂದು ಕಲಿಯುತ್ತದೆ. ಕೈಯಲ್ಲಿ ಉತ್ತರದ ಹಾಳೆ ಇಲ್ಲದಿದ್ದರೆ ಈ ಹಾನಿ ಆಗುತ್ತಿರಲಿಲ್ಲ. ಅಂತಹ ಕಡೆ ಎರಡು ಉತ್ತರಗಳನ್ನೂ ಅವುಗಳ ಕಾರಣಗಳೊಡನೆ ಕೊಡಬೇಕು.

ಮಗುವಿನ ಕೈಗೆ ಕೊಡುವ ಮುನ್ನ ಮನೆಯಲ್ಲಿ ಬೇರೊಬ್ಬರು ಉತ್ತರವನ್ನು ನೋಡದೆ ಅಭ್ಯಾಸದ ಹಾಳೆಯನ್ನು ಬಿಡಿಸಲಿ. ಅವರ ಉತ್ತರವೂ ನಮ್ಮ ಉತ್ತರವೂ ಬೇರೆಯಾದ ಕಡೆಯಲ್ಲೆಲ್ಲ ಪುಸ್ತಕದ ಪುಟವನ್ನು ಮತ್ತೆ ತೆರೆದು ನೋಡಬೇಕು. ಅಕ್ಷರ ತಪ್ಪಿದೆಯೋ, ಸಾಲು ತಪ್ಪಿದೆಯೋ, ಅಥವಾ ಉತ್ತರಗಳೇ ಎರಡಿವೆಯೋ ಎಂಬುದು ಅಲ್ಲಿ ತಿಳಿಯುತ್ತದೆ.