ಗೋಡೆಗೆ ನೀಲಿ ಬಣ್ಣ ಬಳಿದರೆ ಕೋಣೆ ನಿಜವಾಗಿಯೂ ತಂಪಾಗುತ್ತದೆಯೇ?

ಬೇಸಿಗೆ ಬಂತೆಂದರೆ ವಾಟ್ಸಾಪ್‌ನಲ್ಲಿ ಇಂಥದ್ದೊಂದು ಸಂದೇಶ ಓಡಾಡಲು ಶುರುವಾಗುತ್ತದೆ: 'ಮಲಗುವ ಕೋಣೆಗೆ ನೀಲಿ ಬಣ್ಣ ಹೊಡೆಸಿ, ಎಸಿ ಬೇಕಾಗುವುದಿಲ್ಲ.' ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಸ್ವಲ್ಪ ನೋಡೋಣ.

ಒಳಗೋಡೆಯ ಬಣ್ಣದಿಂದ ಥರ್ಮಾಮೀಟರ್ ಇಳಿಯುವುದಿಲ್ಲ. ಬನಶಂಕರಿಯ ಮೇಲ್ಮಹಡಿಯ ಮನೆ ಏಪ್ರಿಲ್‌ನಲ್ಲಿ ಕಾಯುವುದು ತಾರಸಿಯಿಂದ, ಪಶ್ಚಿಮದ ಗೋಡೆಯಿಂದ, ಕಿಟಕಿಯ ಬಿಸಿಲಿನಿಂದ. ತಾರಸಿಯ ಮೇಲೆ ಬಿಳಿ ಬಣ್ಣ ಬಳಿದರೆ ಬಿಸಿಲು ವಾಪಸಾಗುತ್ತದೆ, ಅದರಿಂದ ಕೆಳಗಿನ ಕೋಣೆಯ ಸೆಕೆ ನಿಜಕ್ಕೂ ಕಡಿಮೆಯಾಗುತ್ತದೆ. ಒಳಗಿನ ನೀಲಿ ಕೊಡುವುದು ತಂಪಿನ ಭಾವನೆಯನ್ನು ಮಾತ್ರ. ಕೆಂಪು, ಕಿತ್ತಳೆ, ಹಳದಿ ನೋಡಿದರೆ ನಮಗೆ ಬೆಂಕಿ, ದೀಪ ನೆನಪಾಗುತ್ತವೆ. ನೀಲಿ, ಹಸಿರು ನೋಡಿದರೆ ನೀರು, ನೆರಳು. ಹೆಸರು ಬಂದಿರುವುದೂ ಹಾಗೆಯೇ.

ಆದರೆ ಭಾವನೆಯೆಂದರೆ ಸುಳ್ಳೆಂದಲ್ಲ. ಬೆಚ್ಚನೆಯ ಬಣ್ಣ ಮತ್ತು ತಂಪು ಬಣ್ಣ ಒಂದೇ ಕೋಣೆಯಲ್ಲಿ ಸೇರಿದಾಗ ಕಣ್ಣಿನಲ್ಲಿ ಏನೋ ನಡೆಯುತ್ತದೆ.

ಜಯನಗರದ ಹಳೆಯ ಮನೆಯ ಕೋಣೆಯೊಂದನ್ನು ಊಹಿಸಿಕೊಳ್ಳಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರ. ಕೆಳಗೆ ಕಾಲು ಸವೆಸಿ ಹೊಳಪು ಬಂದಿರುವ ರೆಡ್ ಆಕ್ಸೈಡ್ ನೆಲ, 120 ಚದರ ಅಡಿ. ಬಾಗಿಲು ಕಿಟಕಿ ಬಿಟ್ಟರೂ ಗೋಡೆ ಅದರ ಮೂರು ಪಟ್ಟಿಗಿಂತ ಹೆಚ್ಚು. ಈ ಗೋಡೆಗೆ ಶೇಡ್ ಕಾರ್ಡ್ ನೋಡಿ ಗಾಢ ನೀಲಿ ಹೊಡೆಸಿದರೆ ನೆಲ ಮೊದಲಿಗಿಂತ ಕೆಂಪಾಗಿ, ಗೋಡೆ ಡಬ್ಬಿಯಲ್ಲಿದ್ದದ್ದಕ್ಕಿಂತ ನೀಲಿಯಾಗಿ ಕಾಣುತ್ತದೆ. ಎದುರುಬದಿರಿನ ಬಣ್ಣಗಳು ಪಕ್ಕಪಕ್ಕ ಬಂದಾಗ ಒಂದನ್ನೊಂದು ಎತ್ತಿ ತೋರಿಸುತ್ತವೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೊಲ್ 1839ರಲ್ಲೇ ಇದರ ಬಗ್ಗೆ ದೊಡ್ಡ ಪುಸ್ತಕ ಬರೆದ. ಆತ ಕೆಲಸ ಮಾಡುತ್ತಿದ್ದ ಪ್ಯಾರಿಸ್ಸಿನ ನೇಯ್ಗೆ ಕಾರ್ಖಾನೆಯಲ್ಲಿ ಕೆಲವು ದಾರಗಳ ಬಣ್ಣ ಸರಿಯಿಲ್ಲವೆಂದು ದೂರು ಬಂದಿತ್ತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದ ದಾರದ ಪ್ರಭಾವವಿತ್ತು!

ಎರಡೂ ಬಣ್ಣ ಸಮಬಲದಲ್ಲಿದ್ದರೆ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ, ಕೋಣೆ ಗಲಾಟೆ ಅನ್ನಿಸುತ್ತದೆ. ಒಂದನ್ನು ಮುಂದೆ ಬಿಟ್ಟು ಇನ್ನೊಂದನ್ನು ತಗ್ಗಿಸಬೇಕು. ಕೆಂಪು ನೆಲವನ್ನಂತೂ ಬದಲಿಸಲಾಗದು (ಬದಲಿಸಲೂ ಬೇಡಿ, ಅಂಥ ನೆಲ ಮಾಡುವ ಮೇಸ್ತ್ರಿಗಳು ಈಗ ಸಿಗುವುದೇ ಕಷ್ಟ). ಆದ್ದರಿಂದ ಗೋಡೆಗೆ ಬೂದು ಬೆರೆತ ತೆಳು ನೀಲಿ, ಅಥವಾ ನೀಲಿಯ ಸುಳಿವಷ್ಟೇ ಇರುವ ಬಿಳಿ ಸಾಕು. ಆಗ ನೆಲ ಬೆಚ್ಚಗೆ, ಗೋಡೆ ತಣ್ಣಗೆ, ಕೋಣೆ ಶಾಂತ.

ಇಷ್ಟಾದರೂ ಕೆಲಸ ಕೆಡುವುದು ಸಾಮಾನ್ಯವಾಗಿ ರಾತ್ರಿ, ಬಲ್ಬ್ ಹಾಕಿದಾಗ. ಎಲ್‌ಇಡಿ ಡಬ್ಬಿಯ ಮೇಲೆ 2700 ಕೆಲ್ವಿನ್ ಎಂದಿದ್ದರೆ ಅದು ಹಳದಿ ಬೆಳಕು, 6500 ಕೆಲ್ವಿನ್ ಎಂದಿದ್ದರೆ ನೀಲಿಮಿಶ್ರಿತ ಬಿಳಿ ಬೆಳಕು. ತಮಾಷೆಯೆಂದರೆ ಸಂಖ್ಯೆ ಹೆಚ್ಚಾದಷ್ಟೂ ಬೆಳಕು 'ತಂಪು'. ಕಬ್ಬಿಣ ಕಾಯುವಾಗ ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಹಳದಿಯಾಗಿ ಬಿಳಿಯತ್ತ ಹೋಗುತ್ತದೆ. ಆ ಲೆಕ್ಕವನ್ನೇ ಬಲ್ಬಿಗೂ ಹಚ್ಚಿದ್ದಾರೆ. ಗೋಡೆ ತನ್ನದೇ ಬೆಳಕು ಕೊಡುವುದಿಲ್ಲ, ಬಿದ್ದದ್ದರಲ್ಲಿ ಒಂದು ಭಾಗವನ್ನು ಹಿಂತಿರುಗಿಸುತ್ತದೆ. ಹಳದಿ ಬಲ್ಬಿನಲ್ಲಿ ನೀಲಿ ಭಾಗವೇ ಕಡಿಮೆ. ಹಾಗಾಗಿ ಬೆಳಿಗ್ಗೆ ಹಿತವಾಗಿದ್ದ ನೀಲಿ ಗೋಡೆ ರಾತ್ರಿ ಮಂಕು ಬೂದಾಗುತ್ತದೆ. ಅದೇ ರೀತಿ ಕ್ರೀಮ್ ಗೋಡೆಗೆ 6500 ಬಿದ್ದರೆ ಅದರ ಬೆಚ್ಚಗಿನ ಭಾವ ಹೋಗಿ ಆಸ್ಪತ್ರೆಯ ವಾರ್ಡಿನಂತೆ ಕಾಣುತ್ತದೆ. ಒಂದೇ ಕೋಣೆಯಲ್ಲಿ ಒಂದು ಮೂಲೆಗೆ 2700, ಇನ್ನೊಂದಕ್ಕೆ 6500 ಹಾಕಿದರೆ ಒಂದೇ ಡಬ್ಬಿಯ ಬಣ್ಣ ಎರಡಾಗಿ ಕಂಡು, ಪೇಂಟರ್ ಮೇಲೆ ಸುಮ್ಮನೆ ಅನುಮಾನ ಬರುತ್ತದೆ. ಗೋಡೆ ತೆಳು ನೀಲಿಯಾದರೆ 4000ರ ಆಸುಪಾಸಿನ ಬಲ್ಬ್ ಮಧ್ಯದ ದಾರಿ.

ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎರಡಿಂಚಿನ ಶೇಡ್ ಕಾರ್ಡ್ ನೋಡಿ ನಿರ್ಧರಿಸಬೇಡಿ. ಚಿಕ್ಕ ಡಬ್ಬಿ ತಂದು ಎರಡಡಿಗೆ ಎರಡಡಿಯಷ್ಟು ಜಾಗವನ್ನು ಎರಡು ಗೋಡೆಗಳಲ್ಲಿ ಬಳಿಯಿರಿ. ಒಂದು ಕಿಟಕಿಗೆ ಎದುರಿನ ಗೋಡೆ, ಇನ್ನೊಂದರಲ್ಲಿ ನೆಲಕ್ಕೆ ತಾಗಿದಂತೆ. ಎರಡನೆಯದು ಏಕೆಂದರೆ ಕೆಂಪು ನೆಲದಿಂದ ಪುಟಿದ ಬೆಳಕು ಗೋಡೆಯ ಕೆಳಭಾಗಕ್ಕೆ ಸಣ್ಣ ಕೆಂಪು ಛಾಯೆ ಕೊಡುತ್ತದೆ. ಒಣಗಿದ ಮೇಲೆ ಬೆಳಿಗ್ಗೆ ಎಂಟಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಬಲ್ಬ್ ಹಾಕಿ, ಮೂರು ಸಲ ನೋಡಿ.

ಅಂದಹಾಗೆ, ಈ ಬೆರಕೆಯ ಲೆಕ್ಕ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಹಬ್ಬಕ್ಕೆ ಸುಣ್ಣ ಹೊಡೆಸುವಾಗ ಬಟ್ಟೆಗೆ ಹಾಕುವ ನೀಲಿಯನ್ನೇ ಒಂದು ಚಿಟಿಕೆ ಬೆರೆಸುತ್ತಿದ್ದರು. ಸುಣ್ಣದ ನಸುಹಳದಿಯನ್ನು ನೀಲಿ ನುಂಗಿ ಗೋಡೆ ಬೆಳ್ಳಗೆ ಕಾಣುತ್ತಿತ್ತು. ಕೈತಪ್ಪಿ ಜಾಸ್ತಿ ಬಿದ್ದರೆ ಮಾತ್ರ ಮುಂದಿನ ಹಬ್ಬದವರೆಗೆ ನೀಲಿ ಮನೆಯಲ್ಲೇ ಇರಬೇಕಿತ್ತು.