ಸ್ಟ್ರೇಟ್ ಡ್ರೈವ್: ಬ್ಯಾಟಿನ ವೇಗ ಮೈಯಿಂದ ಬರುವ ದಾರಿ

ಪುಣೆಯ ಹೊರವಲಯದ ಗಹುಂಜೆ ಮೈದಾನದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದದ್ದು 2017ರ ಫೆಬ್ರವರಿಯಲ್ಲಿ. ಅದು ನಮಗೆ ಮರೆಯಬೇಕಾದ ಪಂದ್ಯ. ಮೊದಲ ಇನ್ನಿಂಗ್ಸ್‌ನಲ್ಲಿ ಭಾರತ 3 ವಿಕೆಟ್‌ಗೆ 94 ರನ್ ಮಾಡಿದ್ದು, ಆಮೇಲೆ 105ಕ್ಕೆ ಆಲ್ ಔಟ್ ಆಯಿತು. ಕುಸಿತ ಶುರುವಾದದ್ದು ನಮ್ಮ ಕೆ.ಎಲ್. ರಾಹುಲ್ ಔಟಾದ ಮೇಲೆ. ಚೆನ್ನಾಗಿ ಆಡಿ 64 ರನ್ ಗಳಿಸಿದ್ದ ರಾಹುಲ್, ಸ್ಟೀವ್ ಓಕೀಫ್ ಎಸೆತವನ್ನು ನೇರಕ್ಕೆ ಎತ್ತಿ ಹೊಡೆಯಲು ಹೋಗಿ ಕ್ಯಾಚ್ ಕೊಟ್ಟರು. ಜೊತೆಗೆ ಎಡಭುಜ ಹಿಡಿದುಕೊಂಡೇ ಪೆವಿಲಿಯನ್‌ಗೆ ನಡೆದರು. ಮುಂದೆ ಆ ಭುಜಕ್ಕೆ ಶಸ್ತ್ರಚಿಕಿತ್ಸೆ ಆಗಿ, ಆ ವರ್ಷದ ಐಪಿಎಲ್ ಅನ್ನೇ ತಪ್ಪಿಸಿಕೊಂಡರು. ಬಲಗೈ ಬ್ಯಾಟ್ಸ್‌ಮನ್‌ಗೆ ಎಡಭುಜ ಎಂದರೆ ಮುಂದಿನ ಭುಜ. ನೇರ ಹೊಡೆತದಲ್ಲಿ ಮೈಯ ಶಕ್ತಿ ಕೈಗೆ ದಾಟುವ ಮುಖ್ಯ ಸೇತುವೆ ಅದೇ.

ಇದೇ ರಾಹುಲ್ 2021ರ ಮಾರ್ಚ್ 26ರಂದು ಅದೇ ಗಹುಂಜೆಯಲ್ಲಿ ಇಂಗ್ಲೆಂಡ್ ವಿರುದ್ಧ 114 ಎಸೆತಗಳಲ್ಲಿ 108 ರನ್ ಹೊಡೆದರು. ಕೋವಿಡ್ ಕಾರಣ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ, ಪುಣೆಯ ಕನ್ನಡಿಗರೆಲ್ಲ ಟಿವಿಯಲ್ಲೇ ನೋಡಿದೆವು. ಅವರ ಸ್ಟ್ರೇಟ್ ಡ್ರೈವ್ ನೋಡಿದವರಿಗೆಲ್ಲ ಬರುವ ಪ್ರಶ್ನೆ ಒಂದೇ: ಇಷ್ಟು ಮೆಲ್ಲಗೆ ಆಡಿದಂತೆ ಕಾಣುವ ಹೊಡೆತಕ್ಕೆ ಚೆಂಡು ಅಷ್ಟು ಜೋರಾಗಿ ಹೇಗೆ ಓಡುತ್ತದೆ?

"ಟೈಮಿಂಗ್" ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ನಮ್ಮ ರೂಢಿ. ಸುಳ್ಳಲ್ಲ, ಆದರೆ ಅರ್ಧ ಉತ್ತರ. ಚೆಂಡು ಬ್ಯಾಟಿನಿಂದ ಎಷ್ಟು ವೇಗದಲ್ಲಿ ಹೊರಡುತ್ತದೆ ಎನ್ನುವುದಕ್ಕೆ ಒಂದು ಸರಳ ಲೆಕ್ಕವಿದೆ. ಬ್ಯಾಟಿನ ಒಳ್ಳೆಯ ಜಾಗಕ್ಕೆ ಚೆಂಡು ತಗುಲಿದಾಗ, ಬಂದ ಚೆಂಡಿನ ವೇಗದಲ್ಲಿ ಸುಮಾರು ಐದನೇ ಒಂದು ಭಾಗ ವಾಪಸ್ ಸಿಗುತ್ತದೆ ಎಂದಿಟ್ಟುಕೊಳ್ಳಿ. ಆಗ ಬ್ಯಾಟಿನ ವೇಗದ ಪಾಲು ಅದರ 1.2 ಪಟ್ಟು. ಪಿಚ್ ಆಗಿ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಚೆಂಡು ಬಂತು, ತಗುಲುವ ಜಾಗದಲ್ಲಿ ಬ್ಯಾಟಿನ ವೇಗ 15 ಮೀಟರ್. ಬೌಲರ್ ಕೊಟ್ಟದ್ದು 5, ಬ್ಯಾಟ್ ಕೊಟ್ಟದ್ದು 18, ಒಟ್ಟು 23 ಮೀಟರ್, ಅಂದರೆ ಗಂಟೆಗೆ ಸುಮಾರು 83 ಕಿಲೋಮೀಟರ್. "ಬೌಲರನ ವೇಗವನ್ನೇ ಬಳಸಿಕೊಂಡ" ಎಂದು ಕಾಮೆಂಟೇಟರ್ ಹೇಳುವ ಮಾತು ಗ್ಲಾನ್ಸ್‌ಗೆ, ಲೇಟ್ ಕಟ್‌ಗೆ ಸರಿ. ಬಂದ ದಾರಿಯಲ್ಲೇ ಚೆಂಡನ್ನು ತಿರುಗಿಸಿ ಕಳಿಸುವ ಸ್ಟ್ರೇಟ್ ಡ್ರೈವ್‌ಗೆ ಅಷ್ಟಾಗಿ ಹೊಂದುವುದಿಲ್ಲ. ಅಲ್ಲಿ ಬ್ಯಾಟಿನ ವೇಗವೇ ದೊಡ್ಡದು.

ಆ ವೇಗ ತೋಳಿನಿಂದ ಬರುತ್ತದೆ ಎಂದು ನಮಗನ್ನಿಸುತ್ತದೆ, ಯಾಕೆಂದರೆ ಕಣ್ಣಿಗೆ ಕಾಣುವುದು ತೋಳು. ಆದರೆ ಅದು ಶುರುವಾಗುವುದು ಕಾಲಿನಲ್ಲಿ. ಒಳ್ಳೆಯ ಡ್ರೈವ್‌ನಲ್ಲಿ ಮೊದಲು ತಲೆ ಮತ್ತು ಮುಂದಿನ ಭುಜ ಚೆಂಡಿನ ಕಡೆ ಬಾಗುತ್ತವೆ, ಮುಂಗಾಲು ಅವನ್ನು ಹಿಂಬಾಲಿಸುತ್ತದೆ. ಹಿಂಗಾಲು ನೆಲವನ್ನು ಹಿಂದಕ್ಕೆ ಒತ್ತಿ ಮೈಯನ್ನು ಮುಂದಕ್ಕೆ ತಳ್ಳುತ್ತದೆ. ಈ ಚಲನೆ ಜೋರು ನಡಿಗೆಯಷ್ಟೇ, ಸೆಕೆಂಡಿಗೆ ಒಂದೂವರೆ ಮೀಟರ್ ಇದ್ದರೆ ಹೆಚ್ಚು. ಹದಿನೈದು ಮೀಟರ್ ವೇಗಕ್ಕೆ ಇದು ಯಾವ ಲೆಕ್ಕ ಅನ್ನಿಸಬಹುದು. ಆದರೆ ಮೈ ಭಾರವಾದದ್ದು. 70 ಕೆ.ಜಿ. ಮೈ ಒಂದೂವರೆ ಮೀಟರ್ ವೇಗದಲ್ಲಿ ಹೊರಟರೆ ಅದರಲ್ಲಿರುವ ಶಕ್ತಿ ಸುಮಾರು 79 ಜೌಲ್. 1.2 ಕೆ.ಜಿ. ಬ್ಯಾಟನ್ನು 13 ಮೀಟರ್ ವೇಗಕ್ಕೆ ಒಯ್ಯಲು ಬೇಕಾದದ್ದು ಸುಮಾರು 100 ಜೌಲ್. ಮೈಯಲ್ಲಿದ್ದದ್ದೆಲ್ಲ ಬ್ಯಾಟಿಗೆ ಹೋಗುವುದಿಲ್ಲ, ಒಂದಂಶ ಮಾತ್ರ ದಾಟುತ್ತದೆ. ಉಳಿದದ್ದನ್ನು ಸೊಂಟ, ಬೆನ್ನು ಮತ್ತು ತೋಳಿನ ಸ್ನಾಯುಗಳು ಸೇರಿಸಬೇಕು. ಆದರೂ ಆ ಒಂದಂಶವನ್ನು ಬಿಟ್ಟುಕೊಟ್ಟರೆ ತೋಳಿನ ಮೇಲೆ ಬೀಳುವ ಹೊರೆ ಎಷ್ಟು ಎಂದು ಇದರಿಂದ ತಿಳಿಯುತ್ತದೆ.

ಈ ಶಕ್ತಿ ದಾಟಬೇಕಾದರೆ ಮೈ ಮುಂದೆ ಹೋದರೆ ಸಾಲದು, ಮುಂದೆ ಹೋಗಿ ನಿಲ್ಲಬೇಕು. ಹಿಂಜೆವಾಡಿ ದಾರಿಯಲ್ಲಿ ಬಸ್ಸಿನಲ್ಲಿ ನಿಂತು ಹೋದವರಿಗೆ ಇದನ್ನು ವಿವರಿಸಬೇಕಿಲ್ಲ: ಡ್ರೈವರ್ ಬ್ರೇಕ್ ಹಾಕಿದರೆ ಕಾಲು ಬಸ್ಸಿನ ಜೊತೆ ನಿಲ್ಲುತ್ತದೆ, ಎದೆ ಮತ್ತು ತಲೆ ಮುಂದಕ್ಕೆ ಜಿಗಿಯುತ್ತವೆ. ಡ್ರೈವ್‌ನಲ್ಲಿ ಆ ಬ್ರೇಕ್ ಮುಂಗಾಲು. ಅದು ಮೊಣಕಾಲು ಬಾಗಿಸಿ ಊರುತ್ತದೆ, ಭಾರ ಹೊರುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಸೊಂಟದ ಚಲನೆ ನಿಧಾನವಾದಂತೆ ಮೇಲಿನ ಮೈ ವೇಗ ಪಡೆಯುತ್ತದೆ, ಅದು ನಿಧಾನವಾದಂತೆ ತೋಳು, ತೋಳು ನಿಧಾನವಾದಂತೆ ಮಣಿಕಟ್ಟು ಮತ್ತು ಬ್ಯಾಟು. ಊರಿದ ಮೊಣಕಾಲು ಚೆಂಡು ತಗುಲುವಾಗಲೂ ಮುಂದಕ್ಕೆ ಜಾರುತ್ತಲೇ ಇದ್ದರೆ ಬ್ರೇಕ್ ಸವೆದಿದೆ ಎಂದರ್ಥ.

ಇನ್ನು ಎದೆ ತಿರುಗುವ ವಿಚಾರ. ಇಂಗ್ಲೆಂಡಿನ ಲಾಫ್‌ಬರೋ ವಿಶ್ವವಿದ್ಯಾಲಯದವರು ಜೋರಾಗಿ ಎತ್ತಿ ಹೊಡೆಯುವ ಬ್ಯಾಟ್ಸ್‌ಮನ್‌ಗಳನ್ನು ಅಳೆದು, 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬ್ಯಾಟಿನ ವೇಗದಲ್ಲಿ ಒಬ್ಬರಿಂದೊಬ್ಬರಿಗೆ ಇದ್ದ ವ್ಯತ್ಯಾಸದ ಬಹುಪಾಲನ್ನು ಮೂರು ಸಂಗತಿಗಳು ವಿವರಿಸಿದವು: ಸೊಂಟ ಮತ್ತು ಎದೆಯ ನಡುವಿನ ತಿರುಚು, ಬ್ಯಾಟ್ ಕೆಳಗಿಳಿಯುವಾಗ ಮುಂದಿನ ಮೊಣಕೈ ಚಾಚಿಕೊಳ್ಳುವುದು, ಮತ್ತು ಮಣಿಕಟ್ಟು ಬಿಚ್ಚಿಕೊಳ್ಳುವುದು. ಸೊಂಟ ಮೊದಲು ಹೊರಟು ಎದೆ ತುಸು ಹಿಂದೆ ಉಳಿದರೆ ಪಕ್ಕೆಯ ಸ್ನಾಯುಗಳು ಎಳೆದ ರಬ್ಬರಿನಂತೆ ಬಿಗಿಯುತ್ತವೆ. ಎರಡೂ ಒಟ್ಟಿಗೇ ತಿರುಗಿದರೆ ಆ ಎಳೆತ ಹುಟ್ಟುವುದೇ ಇಲ್ಲ.

ಆದರೆ ಅದು ಸಿಕ್ಸರ್ ಹೊಡೆಯುವವರ ಲೆಕ್ಕ. ನೆಲದ ಮೇಲೆ, ಬೌಲರನ ಪಕ್ಕದಲ್ಲೇ ಚೆಂಡು ಕಳಿಸುವವನಿಗೆ ಎದೆ ಎಷ್ಟು ತಿರುಗಿತು ಎನ್ನುವುದಕ್ಕಿಂತ ಯಾವ ಕಡೆಗೆ ತಿರುಗಿತು ಎನ್ನುವುದು ಮುಖ್ಯ. ನಮ್ಮ ಹಳ್ಳಿಮನೆಗಳಲ್ಲಿ ಎರಡು ತಿರುಗುವ ವಸ್ತುಗಳಿದ್ದವು. ಬೀಸುವ ಕಲ್ಲು ನೆಲಕ್ಕೆ ಸಮನಾಗಿ ತಿರುಗುತ್ತದೆ, ಬಾವಿಯ ರಾಟೆ ನೆಟ್ಟಗೆ ನಿಂತು ತಿರುಗುತ್ತದೆ. ಪುಲ್ ಶಾಟ್‌ನಲ್ಲಿ ಭುಜಗಳು ಬೀಸುವ ಕಲ್ಲು. ಸ್ಟ್ರೇಟ್ ಡ್ರೈವ್‌ನಲ್ಲಿ ಅವು ಹೆಚ್ಚುಕಡಿಮೆ ರಾಟೆ: ಮುಂದಿನ ಭುಜ ಮೇಲೇರುತ್ತದೆ, ಹಿಂದಿನ ಭುಜ ಗಲ್ಲದ ಕೆಳಗೆ ಇಳಿದು ಮುಂದೆ ಬರುತ್ತದೆ, ಮುಂದಿನ ಮೊಣಕೈ ಎತ್ತರದಲ್ಲಿ ಉಳಿಯುತ್ತದೆ. ಬ್ಯಾಟು ಆ ರಾಟೆಗೆ ಕಟ್ಟಿದ ಹಗ್ಗದಂತೆ ನೇರ ಗೆರೆಯಲ್ಲಿ ಇಳಿದು ಏರುತ್ತದೆ.

ಇದರ ಲಾಭ ಬರೀ ಅಂದವಲ್ಲ. ಎದೆ ಬೀಸುವ ಕಲ್ಲಿನಂತೆ ಸೆಕೆಂಡಿಗೆ 500 ಡಿಗ್ರಿ ತಿರುಗುತ್ತಿದೆ, ಬ್ಯಾಟು ಅದರ ಜೊತೆಗೇ ಸುತ್ತುತ್ತಿದೆ ಎಂದುಕೊಳ್ಳಿ. ನೀವು ಸೆಕೆಂಡಿನ ನೂರನೇ ಒಂದು ಭಾಗ ತಪ್ಪಿದರೆ ಬ್ಯಾಟಿನ ಮುಖ 5 ಡಿಗ್ರಿ ಆಚೀಚೆ ಆಗಿರುತ್ತದೆ. ಚೆಂಡು ಕನಿಷ್ಠ ಅಷ್ಟೇ ಡಿಗ್ರಿ ದಾರಿ ತಪ್ಪಿದರೂ 20 ಮೀಟರ್ ದೂರದ ಬೌಲರ್ ತುದಿಯಲ್ಲಿ ಒಂದೂ ಮುಕ್ಕಾಲು ಮೀಟರ್ ಪಕ್ಕಕ್ಕೆ ಹೋಗುತ್ತದೆ, ಮುಂದೆ ಮಿಡ್ ಆನ್‌ನ ಕೈಗೆ ಇನ್ನೂ ಹತ್ತಿರವಾಗುತ್ತದೆ. ರಾಟೆಯಂತೆ ತಿರುಗಿದಾಗ ಅದೇ ತಪ್ಪು ಬೇರೆ ರೂಪದಲ್ಲಿ ಕಾಣುತ್ತದೆ. ಬ್ಯಾಟು ತಡವಾದರೆ ಚೆಂಡು ನೆಲಕ್ಕೆ ಒತ್ತಿಕೊಳ್ಳುತ್ತದೆ, ಬೇಗನೆ ಬಂದರೆ ತುಸು ಮೇಲೇಳುತ್ತದೆ, ಆದರೆ ದಿಕ್ಕು ಉಳಿಯುತ್ತದೆ. ಮೇಲೆದ್ದ ಚೆಂಡಿಗೆ ಬೌಲರ್ ಕೈಚಾಚುವ ಅಪಾಯ ಇದ್ದೇ ಇದೆ. ಅದನ್ನು ತಡೆಯುವುದು ತಲೆ, ಮುಂಗಾಲಿನ ಮೇಲೆ ಚೆಂಡಿನತ್ತ ಬಾಗಿದ ತಲೆ.

ನಮ್ಮ ವಾರಾಂತ್ಯದ ತಂಡದಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಗೆಳೆಯರಿದ್ದಾರೆ. ಅವರ ದೂರು ಯಾವಾಗಲೂ ಒಂದೇ: "ಏನ್ ಜೋರ್ ಹೊಡದ್ರೂ ಚೆಂಡ್ ಮಿಡ್ ಆನ್‌ಗೇ ಹೊಕ್ಕೈತ್ರೀ, ಸೀದಾ ಹೋಗೂದೇ ಇಲ್ಲ." ವಾಕಡ್ ಹತ್ತಿರದ ನೆಟ್ಸ್‌ನಲ್ಲಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಸೆಕೆಂಡಿಗೆ 240 ಫ್ರೇಮ್ ವೇಗದಲ್ಲಿ ಪಕ್ಕದಿಂದ ಚಿತ್ರೀಕರಿಸಿದೆವು. ಬ್ಯಾಟಿನ ಉದ್ದ ಅಳೆದಿಟ್ಟಿದ್ದರಿಂದ ಅದೇ ನಮ್ಮ ಸ್ಕೇಲು. ಚೆಂಡು ತಗುಲುವ ಮುಂಚಿನ ಎರಡು ಫ್ರೇಮ್‌ಗಳ ನಡುವೆ ಬ್ಯಾಟಿನ ತುದಿ ಎಷ್ಟು ಚಲಿಸಿತು ಎಂದು ನೋಡಿ 240ರಿಂದ ಗುಣಿಸಿದರೆ ವೇಗ ಸಿಗುತ್ತದೆ. ಸರಾಸರಿ ಬಂದದ್ದು 7 ಸೆಂಟಿಮೀಟರ್, ಅಂದರೆ ಸೆಕೆಂಡಿಗೆ 16.8 ಮೀಟರ್. ಅದಕ್ಕಿಂತ ಕಣ್ಣಿಗೆ ಹೊಡೆದದ್ದು ಬೇರೆ. ಅವರ ಮುಂಗಾಲು ಊರಿದ ಮೇಲೆ ಬರೀ ಐದು ಫ್ರೇಮ್‌ಗೆ, ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ, ಚೆಂಡು ಬ್ಯಾಟಿಗೆ ತಗುಲುತ್ತಿತ್ತು. ಭಾರ ಇನ್ನೂ ಹಿಂಗಾಲಿನ ಮೇಲೇ ಇತ್ತು. ಕಾಲಿನಿಂದ ಬರಬೇಕಾದದ್ದು ಬಾರದ್ದರಿಂದ ಎದೆ ಒಮ್ಮೆಲೇ ಬೌಲರ್ ಕಡೆ ತೆರೆದುಕೊಂಡು ಆ ಕೊರತೆ ತುಂಬಿಸುತ್ತಿತ್ತು, ಕೆಳಗಿನ ಕೈ ಬ್ಯಾಟನ್ನು ಆನ್ ಸೈಡಿಗೆ ಎಳೆಯುತ್ತಿತ್ತು. ಹಿಂಗಾಲೂ ಸುತ್ತಿಕೊಂಡು ಪಕ್ಕಕ್ಕೆ ಬರುತ್ತಿತ್ತು. ಸರಿಯಾದ ಡ್ರೈವ್‌ನಲ್ಲಿ ಹಿಂಗಾಲಿನ ಹಿಮ್ಮಡಿ ಎದ್ದರೂ ಬೆರಳ ತುದಿ ಅಲ್ಲೇ ನೆಲ ಮುಟ್ಟಿಕೊಂಡಿರುತ್ತದೆ. ವಿಡಿಯೋ ಇಲ್ಲದೆಯೂ ಇದನ್ನು ನೋಡಬಹುದು, ಕ್ರೀಸಿನಲ್ಲಿ ಮೂಡಿದ ಶೂ ಗುರುತು ಹೇಳುತ್ತದೆ.

ತೋಳಿನ ಬಗ್ಗೆ ಏನೂ ಹೇಳಲಿಲ್ಲ. ಕಾಲು ಮೊದಲು, ಬ್ಯಾಟು ಆಮೇಲೆ ಎನ್ನುವ ಒಂದೇ ಅಭ್ಯಾಸ. ಹತ್ತು ಹೆಜ್ಜೆ ದೂರದಿಂದ ಚೆಂಡು ಎಸೆಯುವುದು, ಅವರು ಮುಂಗಾಲೂರಿ ಒಂದು ಗಳಿಗೆ ತಡೆದು, ಮೇಲಿನ ಕೈ ಒಂದರಿಂದಲೇ ಆಡುವುದು. ಒಂದೇ ಕೈಯಲ್ಲಿ ಬ್ಯಾಟು ಅಡ್ಡ ಎಳೆಯಲು ಬಲ ಸಾಲದು, ಭುಜ ತಾನಾಗಿಯೇ ರಾಟೆಯ ದಾರಿ ಹಿಡಿಯುತ್ತದೆ. ಆರು ವಾರ ಕಳೆದು ಮತ್ತೆ ಚಿತ್ರೀಕರಿಸಿದಾಗ ಕಾಲೂರಿದ್ದಕ್ಕೂ ಚೆಂಡು ತಗುಲಿದ್ದಕ್ಕೂ ನಡುವೆ ಸುಮಾರು 30 ಫ್ರೇಮ್ ಇತ್ತು, ತುದಿಯ ಚಲನೆ 8 ಸೆಂಟಿಮೀಟರ್, ವೇಗ 19.2 ಮೀಟರ್. ಚೆಂಡು ತಗುಲುವ ಜಾಗ ತುದಿಗಿಂತ ಸ್ವಲ್ಪ ಮೇಲಿರುವುದರಿಂದ ಅಲ್ಲಿನ ವೇಗವನ್ನು 14 ಮತ್ತು 16 ಎಂದುಕೊಂಡರೆ, ಮೊದಲು ಹೇಳಿದ ಲೆಕ್ಕದಲ್ಲಿ ಚೆಂಡಿನ ವೇಗ ಗಂಟೆಗೆ 78ರಿಂದ 87 ಕಿಲೋಮೀಟರಿಗೆ ಏರಿತು.

ಈ ಅಂಕಿಗಳನ್ನು ತೀರಾ ನಂಬಬೇಡಿ. ಫ್ರೇಮಿನಲ್ಲಿ ಬ್ಯಾಟಿನ ತುದಿ ಮಸುಕಾಗಿರುತ್ತದೆ, ಅರ್ಧ ಸೆಂಟಿಮೀಟರ್ ತಪ್ಪಿ ಅಳೆದರೆ 1.2 ಮೀಟರ್ ವೇಗದ ವ್ಯತ್ಯಾಸ. ಫೋನು ನೇರ ಪಕ್ಕದಲ್ಲಿರದೆ ಓರೆಯಾದರೆ ಇನ್ನಷ್ಟು. ಅದಕ್ಕೇ ಪ್ರತಿಸಲ ಹತ್ತು ಹೊಡೆತಗಳ ಸರಾಸರಿ ತೆಗೆದೆವು. ಕಾಲೂರಿದ ಫ್ರೇಮ್ ಮಾತ್ರ ಸ್ಪಷ್ಟ, ಅದರಲ್ಲಿ ವಾದಕ್ಕೆ ಜಾಗವಿಲ್ಲ.

ಕಾಲು ಬೇಗ ಊರುವುದಕ್ಕೂ ಮಿತಿ ಇದೆ. ತೀರಾ ಮುಂಚೆಯೇ ಊರಿ ಕಾದರೆ ಮೈಯ ಓಟ ಸತ್ತುಹೋಗಿರುತ್ತದೆ, ಬ್ರೇಕ್ ಹಾಕಿ ನಿಂತ ಬಸ್ಸು ಮತ್ತೆ ಯಾರನ್ನೂ ಮುಂದಕ್ಕೆ ತಳ್ಳುವುದಿಲ್ಲ. ಒಳಕ್ಕೆ ಬರುವ ಚೆಂಡಿಗೆ ಎಲ್‌ಬಿ ಆಗುವುದೂ ಹೀಗೆ ಮೊದಲೇ ನೆಟ್ಟ ಕಾಲಿನವರೇ. ಹೆಜ್ಜೆ ಅತಿ ಉದ್ದವಾದರೆ ಸೊಂಟ ಎರಡು ಕಾಲುಗಳ ನಡುವೆ ಸಿಕ್ಕಿಕೊಂಡು ತಿರುಗಲಾರದು. ಬೆಳಗಿನ ಹೊತ್ತು ಚೆಂಡು ಸ್ವಿಂಗ್ ಆಗುವಾಗ ನಮ್ಮ ಗೆಳೆಯರು ಈಗಲೂ ಮಿಡ್ ಆನ್ ಕಡೆಗೇ ಹೊಡೆಯುತ್ತಾರೆ. ಹನ್ನೊಂದು ಗಂಟೆಯ ಮೇಲೆ, ಚೆಂಡು ಹಳತಾದಾಗ, ಅಂಪೈರ್‌ಗೆ ನಿಂತವರು ಸ್ವಲ್ಪ ಹುಷಾರಾಗಿರಬೇಕು.